ಹನ್ನೆರಡನೇ ಕುರಿಯ ಲೆಕ್ಕ

ಕುರಿಯ ಹೊಟ್ಟೆಯಲ್ಲಿ ಜಂತುಹುಳು ಎಷ್ಟಿದೆ ಎಂದು ತಿಳಿಯಲು ಪಶುವೈದ್ಯರು ಅದರ ಹಿಕ್ಕೆ ನೋಡುತ್ತಾರೆ. ಹಿಕ್ಕೆಯನ್ನು ತೂಗಿ, ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಗೆರೆ ಎಳೆದ ಗಾಜಿನ ಪುಟ್ಟ ಕೋಣೆಗೆ ತುಂಬುತ್ತಾರೆ. ಹುಳುವಿನ ಮೊಟ್ಟೆಗಳು ಆ ಉಪ್ಪುನೀರಿನಲ್ಲಿ ಮೇಲಕ್ಕೆ ತೇಲಿ ಗಾಜಿನ ಕೆಳಮೈಗೆ ಬಂದು ನಿಲ್ಲುತ್ತವೆ. ಸೂಕ್ಷ್ಮದರ್ಶಕದಡಿ ಅವನ್ನು ಒಂದೊಂದಾಗಿ ಎಣಿಸಬೇಕು. ಇದಕ್ಕೆ ಮ್ಯಾಕ್‌ಮಾಸ್ಟರ್ ವಿಧಾನ ಎನ್ನುತ್ತಾರೆ. ಬಳಕೆಯಲ್ಲಿರುವ ಒಂದು ಅಳತೆಯ ಪ್ರಕಾರ, ಗೆರೆಗಳ ಒಳಗೆ ಕಂಡ ಪ್ರತಿ ಮೊಟ್ಟೆಯೂ ಒಂದು ಗ್ರಾಂ ಹಿಕ್ಕೆಯಲ್ಲಿ 50 ಮೊಟ್ಟೆಗಳಿಗೆ ಸಮ. ಹಾಗಾಗಿ ಉತ್ತರ ಯಾವಾಗಲೂ 0, 50, 100, 150 ಹೀಗೆ ಐವತ್ತರ ಲೆಕ್ಕದಲ್ಲೇ ಬರುತ್ತದೆ.

ಈಗ ಹನ್ನೆರಡು ಕುರಿಗಳಿವೆ ಎಂದುಕೊಳ್ಳೋಣ. ಚೀಟಿ ಎತ್ತಿ ಆರಕ್ಕೆ ಜಂತುನಾಶಕ ಕುಡಿಸಿದ್ದೇವೆ, ಉಳಿದ ಆರಕ್ಕೆ ಏನೂ ಕೊಟ್ಟಿಲ್ಲ. ಎರಡು ವಾರದ ನಂತರ ಹಿಕ್ಕೆ ಎಣಿಸಿದಾಗ, ಗ್ರಾಂಗೆ ಇಷ್ಟು ಮೊಟ್ಟೆಗಳು:

ಔಷಧ ಕುಡಿದವು: 50, 150, 200, 300, 400, 650
ಕುಡಿಯದವು: 250, 500, 700, 900, 1300, 7350

ಈ ಅಂಕಿಗಳನ್ನು ವಿವರಣೆಗೆಂದು ನಾನೇ ಹೊಂದಿಸಿದ್ದೇನೆ. ಆದರೆ ಇಂಥ ಎಣಿಕೆ ಮಾಡಿದವರಿಗೆಲ್ಲ ಈ ಸಾಲುಗಳ ಸ್ವಭಾವ ಪರಿಚಿತ. ಒಂದು ಮಂದೆಯ ಜಂತುಹುಳುಗಳು ಎಲ್ಲ ಕುರಿಗಳಲ್ಲೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಕುರಿಗಳಲ್ಲಿ ಸ್ವಲ್ಪ ಇರುತ್ತವೆ, ಕೆಲವೇ ಕುರಿಗಳಲ್ಲಿ ವಿಪರೀತ ಇರುತ್ತವೆ. ಹನ್ನೆರಡನೆಯ ಕುರಿ ಅಂಥದ್ದು. ಅದರ 7350 ಎಂದರೆ ಗಾಜಿನಡಿ 147 ಮೊಟ್ಟೆ ಕಂಡಂತೆ.

ಎರಡು ಸಾಲನ್ನೂ ಬರಿಗಣ್ಣಿನಲ್ಲಿ ನೋಡಿದರೆ ಔಷಧ ಕೆಲಸ ಮಾಡಿದೆ ಎಂದೇ ಅನಿಸುತ್ತದೆ. ಆದರೆ ಪ್ರಬಂಧಕ್ಕೆ ಅಷ್ಟು ಸಾಲದು, ಪರೀಕ್ಷೆ ಬೇಕು. ಎರಡು ಗುಂಪಿನ ಸರಾಸರಿ ಹೋಲಿಸುವುದೆಂದರೆ ಎಲ್ಲರ ಕೈಯೂ ಟಿ-ಪರೀಕ್ಷೆಯತ್ತ ಹೋಗುತ್ತದೆ. ತೊಡಕು ಹುಟ್ಟುವುದು ಅಲ್ಲೇ.

ವ್ಯತ್ಯಾಸ ಹೆಚ್ಚಿದರೆ ಪುರಾವೆ ಕಡಿಮೆಯೇ?

ಔಷಧ ಕುಡಿದ ಕುರಿಗಳ ಸರಾಸರಿ ಸುಮಾರು 292, ಕುಡಿಯದವುಗಳದ್ದು 1833. ವ್ಯತ್ಯಾಸ 1542. ಟಿ-ಪರೀಕ್ಷೆ ಈ ವ್ಯತ್ಯಾಸವನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ. ಕುರಿಯಿಂದ ಕುರಿಗೆ ಇರುವ ಏರಿಳಿತವನ್ನು ನೋಡಿ, ಬರೀ ಆಕಸ್ಮಿಕವಾಗಿಯೇ ಸರಾಸರಿಗಳು ಎಷ್ಟು ದೂರ ಹೋಗಬಹುದು ಎಂದು ಅಂದಾಜು ಮಾಡುತ್ತದೆ. ಇಲ್ಲಿ ಆ ಅಂದಾಜು 1116. ವ್ಯತ್ಯಾಸವನ್ನು ಅದರಿಂದ ಭಾಗಿಸಿದರೆ 1.38. ಆರು-ಆರರ ಗುಂಪುಗಳಲ್ಲಿ ಶೇಕಡ 5ರ ಗೆರೆ ದಾಟಲು 2.23 ಬೇಕು. ಪಿ-ಮೌಲ್ಯ 0.20ರ ಹತ್ತಿರ ನಿಲ್ಲುತ್ತದೆ. ಎರಡು ಗುಂಪುಗಳ ಏರಿಳಿತ ಬೇರೆ ಬೇರೆ ಇದ್ದಾಗ ಬಳಸುವ ವೆಲ್ಚ್ ತಿದ್ದುಪಡಿ ಹಾಕಿದರೂ 0.2ರ ಮೇಲೆಯೇ ಉಳಿಯುತ್ತದೆ. ಔಷಧಕ್ಕೆ ಪರಿಣಾಮವಿದೆ ಎನ್ನಲು ಆಧಾರ ಸಾಲದು ಎಂಬುದು ಇದರ ತೀರ್ಪು.

ಈಗ ಒಂದೇ ಒಂದು ಅಂಕಿಯನ್ನು ಬದಲಿಸಿ ನೋಡೋಣ. ಹನ್ನೆರಡನೇ ಕುರಿಯ 7350ರ ಜಾಗದಲ್ಲಿ 1400 ಇಡೋಣ. ಔಷಧ ಕುಡಿಯದ ಕುರಿಗಳ ಸರಾಸರಿ 842ಕ್ಕೆ ಇಳಿಯಿತು, ವ್ಯತ್ಯಾಸ 1542ರಿಂದ 550ಕ್ಕೆ ಕುಸಿಯಿತು. ಆದರೆ ಟಿ 2.71ಕ್ಕೆ ಏರಿತು, ಪಿ-ಮೌಲ್ಯ 0.022ಕ್ಕೆ ಇಳಿಯಿತು. ಅಂದರೆ ಔಷಧವಿಲ್ಲದ ಕುರಿಯಲ್ಲಿ ಹುಳು ಕಡಿಮೆಯಾದಾಗ ಔಷಧದ ಪರವಾದ ಪುರಾವೆ ಬಲವಾಯಿತು, ಹುಳು ಹೆಚ್ಚಿದ್ದಾಗ ಪುರಾವೆ ದುರ್ಬಲವಾಗಿತ್ತು. ಯಾವ ಕುರಿಗಾಹಿಯ ಬುದ್ಧಿಗೂ ಇದು ಒಪ್ಪುವ ಮಾತಲ್ಲ.

ಕಾರಣ ಲೆಕ್ಕದ ಒಳಗೇ ಇದೆ. ಒಂದು ದೊಡ್ಡ ಅಂಕಿ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ, ನಿಜ. ಆದರೆ ಮಾನಕ ವಿಚಲನೆಯಲ್ಲಿ ಸರಾಸರಿಯಿಂದ ಇರುವ ದೂರದ ವರ್ಗ ಸೇರುವುದರಿಂದ, ಆ ಅಂಕಿ ಏರಿಳಿತದ ಅಂದಾಜನ್ನೂ ಹಿಗ್ಗಿಸಿಬಿಡುತ್ತದೆ. ಮೇಲಿನ ವ್ಯತ್ಯಾಸವನ್ನು ಉಬ್ಬಿಸುವ ಕುರಿಯೇ ಕೆಳಗಿನ ಭಾಜಕವನ್ನೂ ಉಬ್ಬಿಸುತ್ತದೆ. ಹನ್ನೆರಡನೇ ಕುರಿಯ ಎಣಿಕೆಯನ್ನು ಹತ್ತು ಸಾವಿರ, ಲಕ್ಷ, ಕೋಟಿ ಎಂದು ಏರಿಸುತ್ತಾ ಹೋಗಿ: ಟಿ ಏರುವ ಬದಲು 1ರ ಕಡೆಗೆ ಇಳಿಯುತ್ತಾ ಬರುತ್ತದೆ. ಉಳಿದ ಹನ್ನೊಂದು ಕುರಿಗಳು ಏನೇ ಹೇಳಲಿ, ತೀರ್ಪು ಒಂದೇ ಕುರಿಯ ಕೈಗೆ ಹೋಗಿರುತ್ತದೆ.

ಪ್ರಬಂಧದ ಅಂಕಿಗಳನ್ನು ಹಿಡಿದು ಬರುವ ವಿದ್ಯಾರ್ಥಿಗಳು ಈ ಹಂತದಲ್ಲಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಆ ಒಂದು ಕುರಿನ ಬಿಟ್ಬಿಡ್ಲಾ?" ಬೇಡ ಎನ್ನುತ್ತೇನೆ. ತೂಕದಲ್ಲಿ ತಪ್ಪಾಗಿದೆಯೇ, ಬರೆಯುವಾಗ ಸೊನ್ನೆ ಹೆಚ್ಚಾಗಿದೆಯೇ ಎಂದು ಪುಸ್ತಕ ನೋಡಿ. ಹಿಕ್ಕೆ ಉಳಿದಿದ್ದರೆ ಮತ್ತೊಮ್ಮೆ ಎಣಿಸಿ. ತಪ್ಪು ಸಿಕ್ಕರೆ ತಿದ್ದಿ. ಸಿಗದಿದ್ದರೆ ಆ ಕುರಿ ಮಂದೆಯ ಕುರಿಯೇ, ಅದರ ಹುಳು ನಿಜವಾದ ಹುಳುವೇ. ಲೆಕ್ಕಕ್ಕೆ ಅನುಕೂಲವಾಗಲೆಂದು ಅದನ್ನು ಹೊರಗಟ್ಟುವಂತಿಲ್ಲ. ಬದಲಾಗಬೇಕಾದ್ದು ಲೆಕ್ಕ.

ಗಂಟೆಯಾಕಾರದ ಷರತ್ತು

ಟಿ-ಪರೀಕ್ಷೆಯ 2.23 ಎಂಬ ಗೆರೆ ಎಲ್ಲಿಂದ ಬಂತು? ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೆಕ್ಕದಿಂದ. ಅಂಕಿಗಳು ಪ್ರಸಾಮಾನ್ಯ ವಿತರಣೆಯಿಂದ ಬಂದಿವೆ, ಅಂದರೆ ನಡುವೆ ದಟ್ಟವಾಗಿ ಎರಡೂ ಬದಿಗೆ ಸಮನಾಗಿ ಇಳಿಯುವ ಗಂಟೆಯಾಕಾರದಲ್ಲಿವೆ ಎಂದು ಅವರ ಲೆಕ್ಕ ಇಟ್ಟುಕೊಂಡಿತ್ತು. ಗುಂಪಿನಲ್ಲಿ ಐವತ್ತು, ನೂರು ಕುರಿಗಳಿದ್ದರೆ ಈ ಷರತ್ತು ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಬಹಳ ಅಂಕಿಗಳ ಸರಾಸರಿ ತಾನಾಗಿಯೇ ಗಂಟೆಯಾಕಾರದತ್ತ ಸರಿಯುತ್ತದೆ. ಆರೇ ಕುರಿಗಳಿದ್ದಾಗ, ಅದೂ ಹುಳುವಿನ ಮೊಟ್ಟೆಯಂಥ ಒಂದೇ ಕಡೆಗೆ ಉದ್ದ ಬಾಲ ಚಾಚಿದ ಅಂಕಿಗಳಲ್ಲಿ, ಆ ಭರವಸೆ ಇಲ್ಲ.

ಹಾಗಾದರೆ ಷರತ್ತು ಈಡೇರಿದೆಯೇ ಎಂದು ಮೊದಲು ಪರೀಕ್ಷಿಸಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆಂದು ಷಪಿರೊ-ವಿಲ್ಕ್ ಪರೀಕ್ಷೆ ಇದೆ. ಆದರೆ ಆರು ಅಂಕಿಗಳಲ್ಲಿ ಅದರ ದೃಷ್ಟಿ ಮಂದ. ವಿತರಣೆ ನಿಜಕ್ಕೂ ಓರೆಯಾಗಿದ್ದರೂ, ಕೈಗೆ ಬಂದ ಆರು ಕುರಿಗಳಲ್ಲಿ ಬಾಲದ ತುದಿಯ ಕುರಿ ಸೇರದೇ ಹೋದರೆ ಅದು ಏನನ್ನೂ ಕಾಣುವುದಿಲ್ಲ. "ಓರೆ ಕಾಣಲಿಲ್ಲ" ಎಂಬುದನ್ನು "ನೆಟ್ಟಗಿದೆ" ಎಂದು ಓದಿಕೊಂಡರೆ ಮೋಸಹೋಗುತ್ತೇವೆ. ಆದ್ದರಿಂದ ಪರೀಕ್ಷೆಯ ಆಯ್ಕೆಗೆ ಆಧಾರವಾಗಬೇಕಾದ್ದು ಕೈಯಲ್ಲಿರುವ ಆರು ಅಂಕಿಗಳಲ್ಲ, ಅಳೆಯುತ್ತಿರುವ ವಸ್ತುವಿನ ಬಗ್ಗೆ ಮೊದಲೇ ಇರುವ ತಿಳಿವಳಿಕೆ. ಮೊಟ್ಟೆ ಎಣಿಕೆ, ಆಸ್ಪತ್ರೆಯಲ್ಲಿ ಕಳೆದ ದಿನಗಳು, ನೋವಿಗೆ ಕೊಟ್ಟ 0ರಿಂದ 10ರ ಅಂಕ, ಇವೆಲ್ಲ ಓರೆಯಾಗಿರುತ್ತವೆ ಎಂಬುದು ಪ್ರಯೋಗಕ್ಕೆ ಮುಂಚೆಯೇ ಗೊತ್ತು. ಯಾವ ಪರೀಕ್ಷೆ ಎಂಬುದನ್ನೂ ಆಗಲೇ ಬರೆದಿಡಬೇಕು.

ಅಂಕಿ ಬಿಟ್ಟು ರ‍್ಯಾಂಕ್ ಹಿಡಿದರೆ

ರ‍್ಯಾಂಕ್ ಎಂದರೇನೆಂದು ಸಿಇಟಿ ಬರೆದ ಮಕ್ಕಳಿರುವ ಯಾವ ಮನೆಗೂ ವಿವರಿಸಬೇಕಿಲ್ಲ. ಮೊದಲನೆಯವನು ಎರಡನೆಯವನಿಗಿಂತ ಅರ್ಧ ಅಂಕ ಮುಂದಿದ್ದರೂ ಮೊದಲನೆಯವನೇ, ಇಪ್ಪತ್ತು ಅಂಕ ಮುಂದಿದ್ದರೂ ಮೊದಲನೆಯವನೇ. ರ‍್ಯಾಂಕಿಗೆ ಯಾರು ಮುಂದೆ ಎಂಬುದು ಗೊತ್ತು, ಎಷ್ಟು ಮುಂದೆ ಎಂಬುದು ಗೊತ್ತಿಲ್ಲ. ನಮಗೆ ಈಗ ಬೇಕಾಗಿರುವುದೂ ಅದೇ.

ಹನ್ನೆರಡೂ ಕುರಿಗಳನ್ನು ಗುಂಪಿನ ಗುರುತು ಮರೆತು ಒಂದೇ ಸಾಲಿನಲ್ಲಿ, ಕಡಿಮೆ ಎಣಿಕೆಯಿಂದ ಹೆಚ್ಚಿಗೆ, ನಿಲ್ಲಿಸೋಣ: 50, 150, 200, 250, 300, 400, 500, 650, 700, 900, 1300, 7350. ಅವಕ್ಕೆ 1ರಿಂದ 12ರವರೆಗೆ ರ‍್ಯಾಂಕ್ ಕೊಡೋಣ. ಈಗ ಗುರುತು ನೋಡಿದರೆ, ಔಷಧ ಕುಡಿದ ಕುರಿಗಳಿಗೆ ಸಿಕ್ಕ ರ‍್ಯಾಂಕುಗಳು 1, 2, 3, 5, 6, 8. ಕೂಡಿದರೆ 25. ಕುಡಿಯದವುಗಳಿಗೆ 4, 7, 9, 10, 11, 12. ಕೂಡಿದರೆ 53. ಒಟ್ಟು 78. ಒಂದರಿಂದ ಹನ್ನೆರಡರವರೆಗಿನ ಮೊತ್ತವೂ 78, ಹಾಗಾಗಿ ಕೂಡುವುದರಲ್ಲಿ ತಪ್ಪಿಲ್ಲ. ಹನ್ನೆರಡನೇ ಕುರಿಯ ಎಣಿಕೆ 7350 ಇರಲಿ, 1400 ಇರಲಿ, ಕೋಟಿ ಇರಲಿ, ಅದರ ರ‍್ಯಾಂಕ್ 12 ಮಾತ್ರ. ಅದಕ್ಕೂ ಒಂದು ಮತ ಇದೆ, ಆದರೆ ಒಂದೇ ಮತ.

ಔಷಧದಿಂದ ಏನೂ ಆಗದಿದ್ದರೆ ಈ 25 ಎಷ್ಟು ಅಪರೂಪ? ಇಲ್ಲಿ ಗಂಟೆಯಾಕಾರದ ಹಂಗು ಬೇಕಿಲ್ಲ, ಚೀಟಿ ಎತ್ತಿದ್ದನ್ನು ನೆನಪಿಸಿಕೊಂಡರೆ ಸಾಕು. ಔಷಧ ಬರೀ ನೀರೇ ಆಗಿದ್ದರೆ, ಹನ್ನೆರಡು ರ‍್ಯಾಂಕುಗಳಲ್ಲಿ ಯಾವ ಆರು ಔಷಧದ ಗುಂಪಿಗೆ ಬಂದವು ಎಂಬುದು ಚೀಟಿಯ ಅದೃಷ್ಟ ಅಷ್ಟೇ. ಹನ್ನೆರಡರಲ್ಲಿ ಆರನ್ನು ಆರಿಸುವ ದಾರಿಗಳು 924, ಎಲ್ಲವೂ ಸಮಾನ ಸಾಧ್ಯತೆಯವು. ಅವುಗಳಲ್ಲಿ ಮೊತ್ತ 21 ಬರುವುದು ಒಂದೇ ದಾರಿಯಲ್ಲಿ: 1ರಿಂದ 6ರವರೆಗಿನ ಎಲ್ಲ ರ‍್ಯಾಂಕುಗಳೂ ಸಿಕ್ಕಾಗ. 22 ಒಂದು ದಾರಿಯಲ್ಲಿ, 23 ಎರಡು, 24 ಮೂರು, 25 ಐದು ದಾರಿಗಳಲ್ಲಿ ಬರುತ್ತವೆ. 25 ಅಥವಾ ಅದಕ್ಕಿಂತ ಕಡಿಮೆ ಬರುವ ದಾರಿಗಳು ಒಟ್ಟು 12. ಔಷಧದಿಂದ ಹುಳು ಹೆಚ್ಚಾಗುವ ಸಾಧ್ಯತೆಯನ್ನೂ ಬಿಡದೆ ಎರಡು ಕಡೆಯಿಂದಲೂ ನೋಡಿದರೆ 24. ಇಪ್ಪತ್ತನಾಲ್ಕನ್ನು 924ರಿಂದ ಭಾಗಿಸಿದರೆ 0.026. ಬರೀ ಚೀಟಿಯ ಅದೃಷ್ಟದಿಂದ ಇಷ್ಟು ಓರೆಯಾದ ಹಂಚಿಕೆ ಬರುವುದು ನೂರಕ್ಕೆ ಎರಡೂವರೆ ಸಲ. ಟಿ-ಪರೀಕ್ಷೆ 0.20 ಎಂದಿದ್ದ ಅವೇ ಕುರಿಗಳಿವು.

ಇದೇ ವಿಲ್ಕಾಕ್ಸನ್ ರ‍್ಯಾಂಕ್-ಮೊತ್ತ ಪರೀಕ್ಷೆ. ಇದನ್ನೇ ಮಾನ್-ವಿಟ್ನಿ ಪರೀಕ್ಷೆ ಎಂದೂ ಕರೆಯುತ್ತಾರೆ. ಮಾನ್ ಮತ್ತು ವಿಟ್ನಿ ಅದೇ ಲೆಕ್ಕವನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕರು. ಔಷಧ ಕುಡಿದ ಪ್ರತಿ ಕುರಿಯನ್ನೂ ಕುಡಿಯದ ಪ್ರತಿ ಕುರಿಯ ಎದುರು ನಿಲ್ಲಿಸಿ: ಒಟ್ಟು 36 ಜೋಡಿ. ಅವುಗಳಲ್ಲಿ ಔಷಧ ಕುಡಿದದ್ದೇ ಹೆಚ್ಚು ಹುಳು ಹೊತ್ತಿರುವ ಜೋಡಿ ಎಷ್ಟು? 300, 400 ಮತ್ತು 650ರ ಕುರಿಗಳು 250ರ ಕುರಿಯನ್ನು ಮೀರುತ್ತವೆ, 650ರದ್ದು 500ರದ್ದನ್ನೂ ಮೀರುತ್ತದೆ. ಒಟ್ಟು ನಾಲ್ಕು. ಉಳಿದ 32 ಜೋಡಿಗಳಲ್ಲಿ ಔಷಧ ಕುಡಿಯದ ಕುರಿಯಲ್ಲೇ ಹುಳು ಹೆಚ್ಚು. ಈ ನಾಲ್ಕಕ್ಕೆ ಅವರು ಯು ಎಂದು ಹೆಸರಿಟ್ಟರು. ಪ್ರಬಂಧದಲ್ಲಿ ಪಿ-ಮೌಲ್ಯದ ಪಕ್ಕದಲ್ಲಿ ಈ ಮಾತನ್ನೂ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ: ಎರಡೂ ಗುಂಪಿನಿಂದ ಒಂದೊಂದು ಕುರಿ ಎತ್ತಿಕೊಂಡರೆ, ನೂರಕ್ಕೆ 89 ಸಲ ಔಷಧ ಕುಡಿದದ್ದರಲ್ಲೇ ಹುಳು ಕಡಿಮೆ. ಓದುವ ಪಶುವೈದ್ಯರಿಗೆ ಅರ್ಥವಾಗುವ ಉತ್ತರ ಅದು.

ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಇಷ್ಟೂ ಕೆಲಸ ಮೂರು ಸಾಲಿನದು:

```
a <- c(50, 150, 200, 300, 400, 650)
b <- c(250, 500, 700, 900, 1300, 7350)
wilcox.test(a, b)
```

ಪರದೆಯ ಮೇಲೆ `W = 4, p-value = 0.02597` ಎಂದು ಬರುತ್ತದೆ. ಆ 4 ನಾವು ಕೈಯಲ್ಲಿ ಎಣಿಸಿದ ನಾಲ್ಕು ಜೋಡಿಗಳೇ.

ನೊಣದ ಔಷಧದಿಂದ ಬಂದ ಉಪಾಯ

ಈ ಉಪಾಯ ಹುಟ್ಟಿದ್ದೂ ಹುಳುಹುಪ್ಪಟೆಯ ಕೆಲಸದಲ್ಲೇ. ಫ್ರಾಂಕ್ ವಿಲ್ಕಾಕ್ಸನ್ ಓದಿನಿಂದ ರಸಾಯನಶಾಸ್ತ್ರಜ್ಞ. ಕೀಟನಾಶಕ, ಶಿಲೀಂಧ್ರನಾಶಕಗಳ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕನ್. 1945ರಲ್ಲಿ ಅವರು ನಾಲ್ಕು ಪುಟದ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಬಳಸಿದ ಉದಾಹರಣೆ ನೊಣಕ್ಕೆ ಸಿಂಪಡಿಸುವ ಎರಡು ದ್ರಾವಣಗಳದ್ದು: ಯಾವುದರಿಂದ ಶೇಕಡ ಎಷ್ಟು ನೊಣ ಸತ್ತವು ಎಂಬ ಎಂಟೆಂಟು ಅಂಕಿಗಳು. ಎರಡು ವರ್ಷದ ನಂತರ, 1947ರಲ್ಲಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಹೆನ್ರಿ ಮಾನ್ ಮತ್ತು ಡೊನಾಲ್ಡ್ ವಿಟ್ನಿ ಅದಕ್ಕೆ ಗಣಿತದ ಬುನಾದಿ ಹಾಕಿದರು. ಮೂರು, ನಾಲ್ಕು ಗುಂಪುಗಳಿಗೆ ಅದನ್ನು ಹಿಗ್ಗಿಸಿದ್ದು 1952ರಲ್ಲಿ ವಿಲಿಯಂ ಕ್ರಸ್ಕಲ್ ಮತ್ತು ಅಲೆನ್ ವಾಲಿಸ್.

ಅಂಕಿಯ ಗಾತ್ರವನ್ನು ಬಿಸಾಡಿ ರ‍್ಯಾಂಕ್ ಮಾತ್ರ ಉಳಿಸಿಕೊಂಡರೆ ಮಾಹಿತಿ ಬಹಳ ನಷ್ಟವಾಗುವುದಿಲ್ಲವೇ ಎಂಬ ಅನುಮಾನ ಆಗ ಎಲ್ಲರಿಗೂ ಇತ್ತು. ಉತ್ತರ ಅಚ್ಚರಿಯದ್ದು. ಅಂಕಿಗಳು ನಿಜಕ್ಕೂ ಗಂಟೆಯಾಕಾರದಲ್ಲಿದ್ದಾಗಲೂ, ಅಂದರೆ ಟಿ-ಪರೀಕ್ಷೆಯ ಸ್ವಂತ ಅಂಗಳದಲ್ಲಿ, ದೊಡ್ಡ ಸ್ಯಾಂಪಲ್‌ಗಳಲ್ಲಿ ರ‍್ಯಾಂಕ್ ಪರೀಕ್ಷೆಯ ದಕ್ಷತೆ 0.955. ಟಿ-ಪರೀಕ್ಷೆ 95 ಕುರಿಗಳಲ್ಲಿ ಕಂಡುಹಿಡಿಯುವುದನ್ನು ಇದು ಸುಮಾರು 100 ಕುರಿಗಳಲ್ಲಿ ಕಂಡುಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಎರಡು ಗುಂಪುಗಳ ಆಕಾರ ಒಂದೇ ಆಗಿದ್ದು, ಒಂದು ಇನ್ನೊಂದಕ್ಕಿಂತ ಪಕ್ಕಕ್ಕೆ ಸರಿದಿರುವುದಷ್ಟೇ ವ್ಯತ್ಯಾಸವಾದರೆ, ಆ ಆಕಾರ ಯಾವುದೇ ಇರಲಿ ದಕ್ಷತೆ 0.864ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಎಂದು 1956ರಲ್ಲಿ ಹಾಜಸ್ ಮತ್ತು ಲೇಮನ್ ತೋರಿಸಿದರು. ಬಾಲ ಉದ್ದವಾದಷ್ಟೂ ಅದು 1ನ್ನು ದಾಟಿ ಮೇಲಕ್ಕೆ ಹೋಗುತ್ತದೆ.

ಮೂರು ಕುರಿಗಳಿಂದ ಏನೂ ಆಗದು

ಇಷ್ಟು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ರ‍್ಯಾಂಕ್ ಪರೀಕ್ಷೆ ಇದೆಯೆಂದು ಸ್ಯಾಂಪಲ್ ಎಷ್ಟು ಬೇಕಾದರೂ ಚಿಕ್ಕದಿರಬಹುದು ಎಂದು ನಂಬಿದವರನ್ನು ಕಂಡಿದ್ದೇನೆ. ಗುಂಪಿಗೆ ಮೂರು ಕುರಿಗಳಿದ್ದರೆ ಆರರಲ್ಲಿ ಮೂರನ್ನು ಆರಿಸುವ ದಾರಿಗಳು 20 ಮಾತ್ರ. ಔಷಧ ಕುಡಿದ ಮೂರೂ ಕುರಿಗಳಲ್ಲಿ ಒಂದೂ ಮೊಟ್ಟೆ ಇಲ್ಲ, ಉಳಿದ ಮೂರರಲ್ಲಿ ಸಾವಿರಾರು ಇವೆ ಎಂದರೂ, ಅತಿ ಚಿಕ್ಕ ಪಿ-ಮೌಲ್ಯ ಇಪ್ಪತ್ತಕ್ಕೆ ಎರಡು, ಅಂದರೆ 0.10. ಎಂಥ ಅದ್ಭುತ ಔಷಧವೂ ಈ ಪ್ರಯೋಗದಲ್ಲಿ 0.05ರ ಗೆರೆ ದಾಟಲಾರದು. ನಾಲ್ಕು-ನಾಲ್ಕು ಇದ್ದರೆ 70ಕ್ಕೆ 2, ಅಂದರೆ 0.029, ಆದರೆ ಒಂದು ಕುರಿಯೂ ಅದಲುಬದಲಾಗದೆ ಎರಡು ಗುಂಪೂ ಪೂರ್ತಿ ಬೇರೆಯಾಗಿ ನಿಂತಾಗ ಮಾತ್ರ. ಅದೇ ಕುರಿಗಳನ್ನು ಔಷಧಕ್ಕೆ ಮೊದಲು ಮತ್ತು ನಂತರ ಎಣಿಸಿ ಜೋಡಿ ಮಾಡಿದರೆ ವಿಲ್ಕಾಕ್ಸನ್‌ರದೇ ಇನ್ನೊಂದು ಪರೀಕ್ಷೆ, ಚಿಹ್ನೆ-ರ‍್ಯಾಂಕ್ ಪರೀಕ್ಷೆ, ಬರುತ್ತದೆ. ಅಲ್ಲಿ ಕನಿಷ್ಠ ಆರು ಜೋಡಿ ಬೇಕು, ಐದು ಜೋಡಿಯಲ್ಲಿ 0.0625ಕ್ಕಿಂತ ಕೆಳಗೆ ಇಳಿಯಲು ದಾರಿಯೇ ಇಲ್ಲ.

ಕುರಿ ಸಾಲದೆಂದು ಒಂದೇ ಕುರಿಯ ಹಿಕ್ಕೆಯನ್ನು ಮೂರು ಸಲ ಎಣಿಸಿ ಮೂರು ಕುರಿಯಂತೆ ಬರೆಯುವ ದಾರಿಯನ್ನೂ ಕೆಲವರು ಹಿಡಿಯುತ್ತಾರೆ. ಆಗ ಚೀಟಿಯ ಲೆಕ್ಕವೇ ಕುಸಿಯುತ್ತದೆ, ಏಕೆಂದರೆ ಚೀಟಿ ಎತ್ತಿದ್ದು ಕುರಿಗೆ, ಎಣಿಕೆಗೆ ಅಲ್ಲ. ಗಂಟೆಯಾಕಾರದ ಷರತ್ತನ್ನು ರ‍್ಯಾಂಕ್ ಪರೀಕ್ಷೆ ಬಿಟ್ಟುಕೊಡುತ್ತದೆ. ಒಂದು ಅಂಕಿಗೂ ಇನ್ನೊಂದಕ್ಕೂ ನಂಟಿರಬಾರದು ಎಂಬ ಷರತ್ತನ್ನು ಬಿಡುವುದಿಲ್ಲ.

ಮೂರನೇ ಗುಂಪು ಬಂದಾಗ

ಈಗ ಇನ್ನೊಂದು ಔಷಧ ಕುಡಿಸಿದ ಮೂರನೇ ಗುಂಪು ಸೇರಿಸೋಣ: 0, 0, 100, 350, 450, 600. ಮೂರು ಗುಂಪಿಗೆ ಎಲ್ಲರೂ ಹಾಕುವ ಅನೋವಾ ಇಲ್ಲಿ ಎಫ್ 1.94, ಪಿ-ಮೌಲ್ಯ 0.18 ಎನ್ನುತ್ತದೆ. ಹನ್ನೆರಡನೇ ಕುರಿ ಅಲ್ಲೂ ಭಾಜಕವನ್ನು ಹಿಗ್ಗಿಸಿ ಕುಳಿತಿದೆ.

ಕ್ರಸ್ಕಲ್-ವಾಲಿಸ್ ಪರೀಕ್ಷೆಯಲ್ಲಿ ಹದಿನೆಂಟು ಕುರಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೇವೆ. ಎರಡು ಸೊನ್ನೆಗಳಲ್ಲಿ ಯಾವುದು ಮೊದಲು? ಯಾವುದೂ ಅಲ್ಲ. ಮೊದಲ ಮತ್ತು ಎರಡನೇ ಸ್ಥಾನವನ್ನು ಅವು ಹಂಚಿಕೊಳ್ಳುತ್ತವೆ, ಎರಡಕ್ಕೂ 1.5. ಉಳಿದದ್ದು ಹಿಂದಿನಂತೆಯೇ. ಮೊದಲ ಔಷಧದ ರ‍್ಯಾಂಕ್ ಮೊತ್ತ 46, ಔಷಧವಿಲ್ಲದ್ದರದು 85, ಎರಡನೇ ಔಷಧದ್ದು 40. ಮೂರೂ ಒಂದೇ ಆಗಿದ್ದರೆ ತಲಾ 57 ಬರಬೇಕಿತ್ತು. ಆ 57ರಿಂದ ಎಷ್ಟು ದೂರ ಸರಿದಿವೆ ಎಂಬುದನ್ನು ಎಚ್ ಎಂಬ ಅಂಕಿ ಅಳೆಯುತ್ತದೆ:

```
H = 12/(18*19) * (46^2 + 85^2 + 40^2)/6 - 3*19
```

ಇದು 6.98. ಸಮ ಬಂದ ಎರಡು ಸೊನ್ನೆಗಳಿಗೆ ಚಿಕ್ಕ ತಿದ್ದುಪಡಿ ಮಾಡಿದರೆ 6.99. ಮೂರು ಗುಂಪುಗಳಿಗೆ ಶೇಕಡ 5ರ ಗೆರೆ 5.99, ಪಿ-ಮೌಲ್ಯ ಸುಮಾರು 0.03. ಮೂರರಲ್ಲಿ ಎಲ್ಲೋ ವ್ಯತ್ಯಾಸ ಇದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ.

ಅದಕ್ಕೆ ಡನ್ ಪರೀಕ್ಷೆ ಇದೆ. ಅದೇ ಹದಿನೆಂಟರ ಸಾಲನ್ನು ಕದಲಿಸದೆ ಎರಡೆರಡು ಗುಂಪಿನ ಸರಾಸರಿ ರ‍್ಯಾಂಕುಗಳನ್ನು ಹೋಲಿಸುತ್ತದೆ. ಎರಡನೇ ಔಷಧಕ್ಕೂ ಔಷಧವಿಲ್ಲದ್ದಕ್ಕೂ ನಡುವೆ ಪಿ-ಮೌಲ್ಯ 0.015, ಮೊದಲ ಔಷಧಕ್ಕೂ ಔಷಧವಿಲ್ಲದ್ದಕ್ಕೂ ನಡುವೆ 0.035. ಆದರೆ ಮೂರು ಸಲ ಚೀಟಿ ಎತ್ತಿದರೆ ಒಂದು ಸಲವಾದರೂ ಅದೃಷ್ಟ ಖುಲಾಯಿಸುವ ಸಾಧ್ಯತೆ ಹೆಚ್ಚು. ಅದನ್ನು ಸರಿದೂಗಿಸಲು ಹೋಲ್ಮ್ ಸೂಚಿಸಿದ ದಾರಿ ಸರಳ: ಅತಿ ಚಿಕ್ಕ ಪಿ-ಮೌಲ್ಯವನ್ನು ಮೂರರಿಂದ, ಅದರ ಮುಂದಿನದನ್ನು ಎರಡರಿಂದ ಗುಣಿಸಿ. ಆಗ 0.015 ಹೋಗಿ 0.045 ಆಗುತ್ತದೆ, ಗೆರೆಯೊಳಗೆ ಉಳಿಯುತ್ತದೆ. 0.035 ಹೋಗಿ 0.07 ಆಗುತ್ತದೆ, ಗೆರೆಯ ಹೊರಗೆ ನಿಲ್ಲುತ್ತದೆ.

ಒಂಟಿಯಾಗಿ ಹೋಲಿಸಿದಾಗ 0.026 ತೋರಿಸಿದ ಮೊದಲ ಔಷಧ, ಮೂರರ ಜೊತೆಯಲ್ಲಿ 0.07ಕ್ಕೆ ಬಂತು. ಔಷಧ ಬದಲಾಗಿಲ್ಲ, ಅದನ್ನು ಕುಡಿದ ಕುರಿಗಳೂ ಬದಲಾಗಿಲ್ಲ, ನಾವು ಕೇಳಿದ ಪ್ರಶ್ನೆಗಳು ಹೆಚ್ಚಾದವು. ಇಲ್ಲಿ ಡನ್ ಪರೀಕ್ಷೆಯನ್ನು ಬಿಟ್ಟು ಎರಡೆರಡು ಗುಂಪನ್ನು ಬೇರೆ ಬೇರೆಯಾಗಿ ಹೋಲಿಸಿ, ತಿದ್ದುಪಡಿ ಮಾಡದ 0.026ನ್ನೇ ಪ್ರಬಂಧದಲ್ಲಿ ಬರೆಯುವ ಆಸೆ ಯಾರಿಗಾದರೂ ಹುಟ್ಟಬಹುದು. ಪ್ರಯೋಗಕ್ಕೆ ಮುಂಚೆ ಏನು ಹೋಲಿಸುತ್ತೇನೆಂದು ಬರೆದಿಟ್ಟ ಹಾಳೆಯೇ ಆ ಆಸೆಗೆ ತಡೆ.

ರ‍್ಯಾಂಕ್ ಹೇಳದ ಮಾತು

ಇನ್ನೊಂದು ತಪ್ಪು ಬಹಳ ಪ್ರಬಂಧಗಳಲ್ಲಿ ಕಾಣುತ್ತದೆ. ಮಾನ್-ವಿಟ್ನಿ ಪರೀಕ್ಷೆ ಮಾಡಿ, "ಎರಡು ಗುಂಪಿನ ಮಧ್ಯಾಂಕಗಳು ಬೇರೆ" ಎಂದು ಬರೆಯುತ್ತಾರೆ. ಎರಡು ಗುಂಪಿನ ವಿತರಣೆಗಳು ಒಂದೇ ಆಕಾರದಲ್ಲಿದ್ದು, ಒಂದು ಇನ್ನೊಂದಕ್ಕಿಂತ ಪಕ್ಕಕ್ಕೆ ಸರಿದಿದ್ದರೆ ಮಾತ್ರ ಆ ಮಾತು ಸರಿ. ನಮ್ಮ ಕುರಿಗಳಲ್ಲಿ ಹಾಗಿಲ್ಲ: ಒಂದು ಗುಂಪು 50ರಿಂದ 650ರೊಳಗೆ ಮುದುಡಿಕೊಂಡಿದೆ, ಇನ್ನೊಂದು 7350ರವರೆಗೆ ಕಾಲು ಚಾಚಿದೆ. ಇಲ್ಲಿ ಪರೀಕ್ಷೆ ಉತ್ತರಿಸಿದ್ದು ಜೋಡಿಯ ಪ್ರಶ್ನೆಯನ್ನು: ಎದುರುಬದುರು ನಿಲ್ಲಿಸಿದಾಗ ಯಾವ ಗುಂಪಿನ ಕುರಿಯಲ್ಲಿ ಹುಳು ಹೆಚ್ಚಿರುತ್ತದೆ? ಅದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಬಾರದು.

ಇಲ್ಲಿಗೆ ಮತ್ತೆ ಹನ್ನೆರಡನೇ ಕುರಿಯ ಬಳಿಗೆ ಬರಬೇಕು. ಔಷಧ ಕುಡಿಯದ ಆರು ಕುರಿಗಳ ಎಣಿಕೆಗಳನ್ನು ಕೂಡಿದರೆ 11000. ಅದರಲ್ಲಿ 7350, ಅಂದರೆ ಮೂರರಲ್ಲಿ ಎರಡು ಪಾಲು, ಆ ಒಂದೇ ಕುರಿಯದು. ಆರೂ ಒಂದೇ ಬಯಲಿನಲ್ಲಿ ಮೇಯ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದ ಹಿಕ್ಕೆ ಹಾಕಿದರೆ, ಆ ಬಯಲಿಗೆ ಬೀಳುವ ಮೊಟ್ಟೆಗಳಲ್ಲಿ ಮೂರರಲ್ಲಿ ಎರಡು ಆ ಕುರಿಯ ಹಿಕ್ಕೆಯವು. ಆ ಮೊಟ್ಟೆಗಳು ಒಡೆದು, ಮರಿಹುಳುಗಳು ಹುಲ್ಲಿನ ಮೇಲೆ ಹತ್ತಿ, ನಾಳೆ ಎಲ್ಲ ಕುರಿಗಳ ಹೊಟ್ಟೆ ಸೇರುತ್ತವೆ. "ಬಯಲು ಎಷ್ಟು ಹೊಲಸಾಗುತ್ತಿದೆ" ಎಂಬುದು ಪ್ರಶ್ನೆಯಾದರೆ ಅದಕ್ಕೆ ಉತ್ತರ ಮೊತ್ತದಲ್ಲಿದೆ, ಸರಾಸರಿಯಲ್ಲಿದೆ, ರ‍್ಯಾಂಕಿನಲ್ಲಿ ಇಲ್ಲ. ಹುಳುಗಳು ಔಷಧಕ್ಕೆ ಬಗ್ಗದಂತಾಗಿವೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಪಶುವೈದ್ಯರು ಸರಾಸರಿ ಎಣಿಕೆ ಶೇಕಡ ಎಷ್ಟು ಇಳಿಯಿತು ಎಂದೇ ಲೆಕ್ಕ ಹಾಕುವುದಕ್ಕೂ ಇದು ಕಾರಣ.

ಹಾಗಾಗಿ ಪರೀಕ್ಷೆ ಆರಿಸುವ ಮೊದಲು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಿ ಎನ್ನುತ್ತೇನೆ. ಈ ಔಷಧದಿಂದ ಒಂದು ಕುರಿಗೆ ಅನುಕೂಲವಾಗುತ್ತದೆಯೇ ಎಂದು ಕೇಳುತ್ತಿದ್ದರೆ, ಚಿಕ್ಕ ಸ್ಯಾಂಪಲ್‌ನ ಓರೆ ಅಂಕಿಗಳಲ್ಲಿ ರ‍್ಯಾಂಕ್ ನಂಬಿಕೆಗೆ ಯೋಗ್ಯ. ಒಟ್ಟು ಎಷ್ಟು ಎಂದು ಕೇಳುತ್ತಿದ್ದರೆ ಆರು ಕುರಿ ಸಾಲವು, ಹೆಚ್ಚು ಕುರಿ ಬೇಕು. ಎರಡರಲ್ಲಿ ಯಾವ ಪ್ರಶ್ನೆ ಇದ್ದರೂ ಮೂಲ ಅಂಕಿಗಳನ್ನು ಚುಕ್ಕೆಗಳಾಗಿ ಒಂದು ಚಿತ್ರದಲ್ಲಿ ಇಡಿ, ಹನ್ನೆರಡೂ ಕಾಣುವಂತೆ. ಹನ್ನೆರಡನೇ ಕುರಿ ನಮ್ಮ ತೀರ್ಪನ್ನು ಕೆಡಿಸದಂತೆ ರ‍್ಯಾಂಕ್ ಅದನ್ನು ಒಂದು ಮತಕ್ಕೆ ಇಳಿಸಿತು. ಆದರೆ ಲೆಕ್ಕ ಮುಗಿಸಿ ದೊಡ್ಡಿಗೆ ಹೋದಾಗ ಮೊದಲು ಹುಡುಕಿ ಔಷಧ ಕುಡಿಸಬೇಕಾದದ್ದು ಅದೇ ಕುರಿಗೆ.